ಕಲೆ ತೆಗೆಸಲು ಹೋಗಿ ಕಲೆ ತಂದುಕೊಳ್ಳದಿರಲು: ಕಂದು ಮೈಬಣ್ಣಕ್ಕೆ ಪೀಲ್ ಮತ್ತು ಲೇಸರ್ ಆರಿಸುವ ಕ್ರಮ

ಮದುವೆಯ ಹಂಗಾಮು ಹತ್ತಿರವಾದಂತೆ ಚರ್ಮದ ವೈದ್ಯರಾದ ನಮ್ಮ ಬಳಿಗೆ ಒಂದು ಬಗೆಯ ರೋಗಿಗಳು ಹೆಚ್ಚಾಗಿ ಬರುತ್ತಾರೆ. ಮೊಡವೆಯ ಕಲೆ ಹೋಗಲೆಂದು ಎಲ್ಲಿಯೋ ಅವಸರದಲ್ಲಿ, ಆಮ್ಲ ಹಚ್ಚಿ ಚರ್ಮದ ಮೇಲ್ಪದರವನ್ನು ಉದುರಿಸುವ ಪೀಲ್ ಮಾಡಿಸಿಕೊಂಡು, ಮೂರು ವಾರ ಕಳೆಯುವಷ್ಟರಲ್ಲಿ ಮೊದಲಿದ್ದದ್ದಕ್ಕಿಂತ ಅಗಲವೂ ಗಾಢವೂ ಆದ ಕಲೆಯನ್ನು ಮುಖದ ಮೇಲೆ ಹೊತ್ತು ಬಂದವರು ಅವರು. ಗೋಧಿ ಬಣ್ಣದಿಂದ ಹಿಡಿದು ಕಡುಗಪ್ಪಿನವರೆಗಿನ ನಮ್ಮ ಚರ್ಮದಲ್ಲಿ ಬಣ್ಣ ತಯಾರಿಸುವ ಕೋಶಗಳು ಬಹಳ ಚುರುಕಾಗಿರುತ್ತವೆ. ಮೊಡವೆ, ಸುಟ್ಟಗಾಯ, ಆಮ್ಲ, ಲೇಸರ್ ಕಿರಣ, ಹೀಗೆ ಉರಿಯೂತಕ್ಕೆ ಕಾರಣ ಯಾವುದಾದರೂ ಅವು ಮೆಲನಿನ್ ಎಂಬ ಬಣ್ಣವನ್ನು ಸುರಿಸಿಯೇ ಉತ್ತರ ಕೊಡುತ್ತವೆ. ಆ ಮೆಲನಿನ್ ಮೇಲ್ಪದರದಲ್ಲಿಯೇ ನಿಂತರೆ ಕಲೆ ಕಂದಾಗಿ ಕಾಣಿಸುತ್ತದೆ ಮತ್ತು ಕೆಲವು ತಿಂಗಳಲ್ಲಿ ಮಾಸುತ್ತದೆ. ಒಳಪದರಕ್ಕೆ ಇಳಿದರೆ ಬೂದು ನೀಲಿಗೆ ತಿರುಗಿ ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ ಎಷ್ಟು ಪ್ರಬಲವಾದ ಚಿಕಿತ್ಸೆ ಬೇಕು ಎಂದು ಕೇಳುವುದಕ್ಕಿಂತ ಎಷ್ಟು ಸೌಮ್ಯವಾದದ್ದು ಸಾಕು ಎಂದು ಕೇಳುವುದೇ ಸರಿಯಾದ ಆರಂಭ.

ಮೊದಲು, ಕಲೆ ಯಾವುದೆಂದು ತಿಳಿಯಬೇಕು

ಮೊಡವೆ ಇದ್ದ ಜಾಗದಲ್ಲಿಯೇ ಉಳಿದ ಕಂದು ಚುಕ್ಕೆಗೆ ಪೀಲ್ ಒಪ್ಪುತ್ತದೆ. ಎರಡೂ ಕೆನ್ನೆಗಳ ಮೇಲೆ ಸಮನಾಗಿ ಹರಡಿದ ಬಂಗಿಗೆ ಅದು ಎರಡನೆಯ ಸಾಲಿನ ಉಪಾಯ ಮಾತ್ರ. ಕತ್ತಿನ ಹಿಂಭಾಗ ದಪ್ಪಗಾಗಿ ಮಖಮಲ್ಲಿನಂತೆ ಕಪ್ಪಾಗಿದ್ದರೆ ಅದರ ಮೂಲ ಹೆಚ್ಚಾಗಿ ಇನ್ಸುಲಿನ್ ಏರುಪೇರಿನಲ್ಲಿ ಇರುತ್ತದೆ, ಅಲ್ಲಿ ಪೀಲ್‌ಗೆ ಹಣ ಸುರಿಯುವ ಮೊದಲು ತೂಕ ಮತ್ತು ರಕ್ತದ ಸಕ್ಕರೆಯನ್ನು ನೋಡಬೇಕು. ಹಣೆಯ ಅಂಚು ಮತ್ತು ಕಿವಿಯ ಸುತ್ತ ಹರಡುವ ಬೂದು ಬಣ್ಣ ತಲೆಗೂದಲಿನ ಡೈ ಮುಂತಾದವುಗಳಿಂದಲೂ ಬರಬಹುದು. ಅದರ ಮೇಲೆ ಆಮ್ಲ ಹಚ್ಚಿದರೆ ಇನ್ನಷ್ಟು ಕಪ್ಪಾಗುತ್ತದೆ. ಈ ವ್ಯತ್ಯಾಸವನ್ನು ಕಣ್ಣಿನಿಂದಲೂ ನೇರಳಾತೀತ ಬೆಳಕು ಬೀರುವ ವುಡ್ಸ್ ದೀಪದಿಂದಲೂ ನೋಡಿ ಹೇಳಬಲ್ಲವರು ಚರ್ಮರೋಗ ತಜ್ಞರು. ಫಲಕದ ಮೇಲೆ 'ಕಾಸ್ಮೆಟಾಲಜಿಸ್ಟ್' ಎಂದು ಬರೆದಿದ್ದರೆ ಸಾಲದು, ಚರ್ಮರೋಗದಲ್ಲಿ ಎಂ.ಡಿ. ಅಥವಾ ಡಿಪ್ಲೊಮಾ ಪದವಿ ಮತ್ತು ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯೇ ಎಂದು ಕೇಳಿ ನೋಡಬೇಕು.

ಹಚ್ಚುತ್ತಿರುವ ಕ್ರೀಮುಗಳನ್ನು ಮೇಜಿನ ಮೇಲಿಡಬೇಕು

ಮೊದಲ ಭೇಟಿಗೆ ಮನೆಯಲ್ಲಿರುವ ಟ್ಯೂಬುಗಳನ್ನೆಲ್ಲ ತರಬೇಕೆಂದು ನಾನು ಒತ್ತಾಯಿಸುತ್ತೇನೆ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಫ್ಲುವೊಸಿನೊಲೋನ್ ಎಂಬ ಹೆಸರುಗಳಲ್ಲಿ ಒಂದಿದ್ದರೂ ಅದು ಸ್ಟೀರಾಯ್ಡ್ ಕ್ರೀಮ್. ಬಣ್ಣ ತಗ್ಗಿಸುವ ಹೈಡ್ರೋಕ್ವಿನೋನ್ ಮತ್ತು ಚರ್ಮದ ಕೋಶಗಳನ್ನು ಬೇಗ ಹೊಸದಾಗಿಸುವ ಟ್ರೆಟಿನೋಯಿನ್ ಜೊತೆಗೆ ಇದನ್ನು ಸೇರಿಸಿದ ಟ್ಯೂಬನ್ನು ಔಷಧದಂಗಡಿಯಲ್ಲಿ ಕೇಳಿ ಪಡೆದು, ಬಣ್ಣ ಬರುತ್ತದೆಂದು ವರ್ಷಗಟ್ಟಲೆ ಹಚ್ಚುವವರು ನಮ್ಮಲ್ಲಿ ತೀರಾ ಹೆಚ್ಚು. ಅಂಥ ಮುಖದ ಚರ್ಮ ತೆಳುವಾಗಿರುತ್ತದೆ, ಬಿಸಿಲಿಗೆ ಉರಿಯುತ್ತದೆ, ಕ್ರೀಮ್ ನಿಲ್ಲಿಸಿದ ವಾರದಲ್ಲಿಯೇ ಕೆಂಪೇರಿ ಮೊಡವೆ ಏಳುತ್ತದೆ. ಅದರ ಮೇಲೆ ಪೀಲ್ ಅಥವಾ ಲೇಸರ್ ಮಾಡುವುದು ದೊಡ್ಡ ತಪ್ಪು. ವೈದ್ಯರ ನೆರವಿನಿಂದ ಆ ಕ್ರೀಮನ್ನು ಬಿಡಿಸಿ, ಚರ್ಮ ಶಾಂತವಾಗುವವರೆಗೆ, ಅಂದರೆ ಕೆಲವು ತಿಂಗಳೇ ಆದರೂ, ಕಾಯಬೇಕು. ತಯಾರಕರ ವಿಳಾಸವಾಗಲಿ ಪದಾರ್ಥಗಳ ಪಟ್ಟಿಯಾಗಲಿ ಇಲ್ಲದ ಬಿಳುಪಿನ ಕ್ರೀಮುಗಳಲ್ಲಿ ಪಾದರಸವೂ ಇರಬಹುದು, ಅದು ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಅವುಗಳನ್ನು ಕೂಡಲೇ ನಿಲ್ಲಿಸಬೇಕು.

ಗ್ಲುಟಾಥಿಯೋನ್ ಚುಚ್ಚುಮದ್ದನ್ನು ನಾನು ಯಾರಿಗೂ ಕೊಡುವುದಿಲ್ಲ. ಚರ್ಮ ಬೆಳ್ಳಗಾಗಿಸಲು ಇದರ ಬಳಕೆಗೆ ಅನುಮೋದನೆ ಇಲ್ಲ, ತೀವ್ರ ಚರ್ಮದ ಪ್ರತಿಕ್ರಿಯೆ ಮತ್ತು ಮೂತ್ರಪಿಂಡದ ತೊಂದರೆಯ ಅಪಾಯವನ್ನು ಫಿಲಿಪೀನ್ಸ್‌ನ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲಿಯೇ ಎಚ್ಚರಿಸಿತ್ತು.

ನಾಲ್ಕು ವಾರಗಳ ಸಿದ್ಧತೆ

ಜನರು ಕೆಡಿಸಿಕೊಳ್ಳುವುದು ಈ ಹಂತದಲ್ಲಿಯೇ, ಅಂದರೆ ಇದನ್ನು ಬಿಟ್ಟು ನೇರವಾಗಿ ಪೀಲ್‌ಗೆ ಹೋಗುವುದರಿಂದ. ಒಂದು ಉದಾಹರಣೆಯನ್ನು ಹಿಡಿದು ಹೇಳುತ್ತೇನೆ. ಇಪ್ಪತ್ತೊಂಬತ್ತರ ಶಾಲಾ ಶಿಕ್ಷಕಿಯೊಬ್ಬರಿಗೆ ಕೆನ್ನೆ ಮತ್ತು ಗದ್ದದ ಮೇಲೆ ಮೊಡವೆಯ ಕಂದು ಕಲೆಗಳಿವೆ, ಮೈಬಣ್ಣ ಕಡುಗಂದು, ಮದುವೆ ಏಪ್ರಿಲ್ ಕೊನೆಗೆ. ಅವರು ಜನವರಿ ಮೊದಲ ವಾರದಲ್ಲಿ ಬಂದರೆ ಸಮಯ ಸಾಲುತ್ತದೆ, ಮಾರ್ಚ್‌ನಲ್ಲಿ ಬಂದರೆ ನಾನು ಪೀಲ್ ಮಾಡುವುದಿಲ್ಲ, ಕ್ರೀಮ್ ಮಾತ್ರ ಕೊಡುತ್ತೇನೆ.

ಜನವರಿಯಲ್ಲಿ ರಾತ್ರಿ ಬಟಾಣಿ ಕಾಳಿನಷ್ಟು 0.025 ಶೇಕಡಾ ಟ್ರೆಟಿನೋಯಿನ್, ಮೊದಲೆರಡು ವಾರ ದಿನ ಬಿಟ್ಟು ದಿನ. ಬೆಳಿಗ್ಗೆ ಕಲೆಯನ್ನು ತಿಳಿಯಾಗಿಸುವ ಅಜೆಲಾಯಿಕ್ ಆಮ್ಲದ ಕ್ರೀಮ್, ಅದರ ಮೇಲೆ ಸನ್‌ಸ್ಕ್ರೀನ್. ಹೊಸ ಮೊಡವೆ ಏಳುತ್ತಿದ್ದರೆ ಅದಕ್ಕೂ ಇದೇ ಅವಧಿಯಲ್ಲಿ ಚಿಕಿತ್ಸೆ ನಡೆಯಬೇಕು, ಏಕೆಂದರೆ ಏಳುವ ಪ್ರತಿಯೊಂದು ಮೊಡವೆ ಹೊಸ ಕಲೆಯನ್ನು ಬಿಟ್ಟುಹೋಗುತ್ತದೆ. ಬಸುರಿಯರಿಗೆ ಟ್ರೆಟಿನೋಯಿನ್ ಬೇಡ, ಅಜೆಲಾಯಿಕ್ ಒಂದೇ ಸಾಕು.

ಸನ್‌ಸ್ಕ್ರೀನ್ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನೇರಳಾತೀತ ಕಿರಣಗಳಷ್ಟೇ ಅಲ್ಲದೆ ಕಣ್ಣಿಗೆ ಕಾಣುವ ಬೆಳಕೂ ಕಂದು ಚರ್ಮವನ್ನು ಕಪ್ಪಾಗಿಸುತ್ತದೆ, ಸಾಮಾನ್ಯ ಸನ್‌ಸ್ಕ್ರೀನ್ ಅದನ್ನು ತಡೆಯುವುದಿಲ್ಲ. ಐರನ್ ಆಕ್ಸೈಡ್ ಸೇರಿದ, ಮೈಬಣ್ಣದ ಛಾಯೆಯುಳ್ಳ ಸನ್‌ಸ್ಕ್ರೀನ್ ಅದನ್ನು ತಡೆಯುತ್ತದೆ. ಎಸ್‌ಪಿಎಫ್ 30ಕ್ಕಿಂತ ಕಡಿಮೆ ಇರಬಾರದು. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿದರೆ ಮುಖ ಕತ್ತಿಗೆ ಸರಿಯಾದ ಅಳತೆಯಾಗುತ್ತದೆ. ಬಹಳ ಮಂದಿ ಅದರ ಕಾಲುಭಾಗವನ್ನು ಹಚ್ಚಿ ಫಲವಿಲ್ಲ ಎನ್ನುತ್ತಾರೆ. ನಿಂಬೆರಸ ಸವರಿಕೊಂಡು ಬಿಸಿಲಿಗೆ ಹೋಗುವವರಂತೂ ಕಲೆಯನ್ನು ತಾವೇ ಬರೆದುಕೊಳ್ಳುತ್ತಾರೆ, ನಿಂಬೆಯ ಸಿಪ್ಪೆ ಮತ್ತು ರಸದಲ್ಲಿರುವ ಕೆಲವು ಅಂಶಗಳು ಬಿಸಿಲು ಸೇರಿದರೆ ಚರ್ಮವನ್ನು ಸುಡುತ್ತವೆ.

ಜನವರಿ ಕೊನೆಗೆ ಪರೀಕ್ಷಾ ಪೀಲ್. ಹಲವೆಡೆ ಇದನ್ನು ಕಿವಿಯ ಹಿಂದೆ ಹಚ್ಚಿ ಎರಡು ದಿನದಲ್ಲಿ ಫಲ ನೋಡಿ ಮುಗಿಸುತ್ತಾರೆ. ಎರಡು ದಿನದಲ್ಲಿ ತಿಳಿಯುವುದು ಅಲರ್ಜಿ ಮತ್ತು ಉರಿ ಮಾತ್ರ, ಕಪ್ಪಾಗುವುದು ಎರಡರಿಂದ ನಾಲ್ಕು ವಾರಗಳಲ್ಲಿ ಹೊರಬರುತ್ತದೆ. ಬಿಸಿಲು ಕಾಣದ ಕಿವಿಯ ಹಿಂಭಾಗ ಕೆನ್ನೆಯ ವರ್ತನೆಯನ್ನು ಹೇಳುವುದೂ ಇಲ್ಲ. ಕಿವಿಯ ಮುಂದೆ, ದವಡೆಯ ಅಂಚಿನಲ್ಲಿ, ಕೂದಲು ಇಳಿಬಿಟ್ಟರೆ ಮುಚ್ಚುವಂಥ ಜಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಹಚ್ಚಿ ಫೆಬ್ರುವರಿ ಕೊನೆಯವರೆಗೆ ಕಾಯುವುದು ನನ್ನ ಪದ್ಧತಿ. ಮನೆಯ ಕ್ರೀಮುಗಳು ಆಗಲೂ ನಡೆಯುತ್ತಿರುವುದರಿಂದ ಈ ತಿಂಗಳು ವ್ಯರ್ಥವಾಗುವುದಿಲ್ಲ.

ಯಾವ ಪೀಲ್, ಆ ದಿನ ಏನು

ಮೊಡವೆಯ ಕಲೆಗೆ ನನ್ನ ಮೊದಲ ಆಯ್ಕೆ 20 ಶೇಕಡಾ ಸ್ಯಾಲಿಸಿಲಿಕ್ ಆಮ್ಲ, ಅದು ಒಗ್ಗದವರಿಗೆ ನಿಧಾನವಾಗಿ ಇಳಿಯುವ ಮ್ಯಾಂಡೆಲಿಕ್ ಆಮ್ಲ. ಆಸ್ಪಿರಿನ್ ಅಲರ್ಜಿ ಇರುವವರಿಗೆ ಮತ್ತು ಬಸುರಿಯರಿಗೆ ಸ್ಯಾಲಿಸಿಲಿಕ್ ಪೀಲ್ ಬೇಡ. ಟ್ರೆಟಿನೋಯಿನ್ ಅನ್ನು ಒಂದು ವಾರ ಮೊದಲು ನಿಲ್ಲಿಸಬೇಕು, ಥ್ರೆಡಿಂಗ್, ವ್ಯಾಕ್ಸಿಂಗ್, ಬ್ಲೀಚ್ ಆ ವಾರದಲ್ಲಿ ಕೂಡದು. ತುಟಿಯಂಚಿನಲ್ಲಿ ಹರ್ಪಿಸ್ ಗುಳ್ಳೆ ಬರುವ ಅಭ್ಯಾಸವಿದ್ದರೆ ಮೊದಲೇ ತಿಳಿಸಬೇಕು.

ಸ್ಯಾಲಿಸಿಲಿಕ್ ಹಚ್ಚಿದ ಮೇಲೆ ಎರಡು ಮೂರು ನಿಮಿಷ ಚುರುಗುಟ್ಟಿ ಆಮೇಲೆ ಉರಿ ತಾನೇ ಇಳಿಯುತ್ತದೆ, ಮುಖದ ಮೇಲೆ ಬಿಳಿ ಪುಡಿ ಕೂರುತ್ತದೆ. ಅದು ಒಣಗಿದ ಆಮ್ಲದ ಹರಳು, ಅದಕ್ಕೆ ಹೆದರಬೇಕಾಗಿಲ್ಲ. ಪೀಲ್‌ಗೆ ಬಳಸುವ ಇನ್ನೊಂದು ಆಮ್ಲವಾದ ಗ್ಲೈಕಾಲಿಕ್‌ನ ವಿಷಯ ಬೇರೆ, ಅದು ತಾನಾಗಿ ನಿಲ್ಲುವುದಿಲ್ಲ, ಸರಿಯಾದ ಕ್ಷಣದಲ್ಲಿ ಬೈಕಾರ್ಬನೇಟ್ ದ್ರಾವಣದಿಂದಲೋ ನೀರಿನಿಂದಲೋ ನಿಲ್ಲಿಸಬೇಕು. ಗ್ಲೈಕಾಲಿಕ್ ಹಚ್ಚಿದಾಗ ಎಲ್ಲಿಯಾದರೂ ಬೂದು ಬಿಳುಪು ಕಾಣಿಸಿದರೆ ಆಮ್ಲ ಅಗತ್ಯಕ್ಕಿಂತ ಆಳಕ್ಕೆ ಹೋಗಿದೆ ಎಂದು ಅರ್ಥ. ಕಂದು ಚರ್ಮದಲ್ಲಿ ಉರಿಯೂತದ ಕೆಂಪು ಬಣ್ಣ ಕೆಂಪಾಗಿಯೇ ತೋರುವುದಿಲ್ಲ, ತಾಮ್ರದ ಅಥವಾ ನೇರಳೆಯ ಛಾಯೆಯಾಗಿ ತೋರುತ್ತದೆ. ಈ ಛಾಯೆಯನ್ನು ಗುರುತಿಸಲು ಪಕ್ಕದಲ್ಲಿ ನಿಂತು ನೋಡುತ್ತಿರಬೇಕು. ಗ್ಲೈಕಾಲಿಕ್ ಹಚ್ಚಿ ಕೋಣೆಯಿಂದ ಹೊರಗೆ ಹೋಗುವವರ ಬಳಿ ಪೀಲ್ ಮಾಡಿಸಬೇಡಿ. ಚರ್ಮದ ಆಳಕ್ಕೆ ಇಳಿಯುವ ಪ್ರಬಲ ಟಿಸಿಎ ಆಮ್ಲದ ಬಾಟಲಿಯನ್ನು ಅಂತರ್ಜಾಲದಲ್ಲಿ ಕೊಂಡು ಮನೆಯಲ್ಲಿ ಹಚ್ಚಿಕೊಳ್ಳುವುದಂತೂ ಎಂದಿಗೂ ಬೇಡ.

ಆಮೇಲಿನ ಒಂದು ವಾರ ಸರಳ ಮಾಯಿಶ್ಚರೈಸರ್ ಮತ್ತು ಸನ್‌ಸ್ಕ್ರೀನ್ ಬಿಟ್ಟು ಬೇರೇನೂ ಇಲ್ಲ. ಮೂರನೆಯ ದಿನದಿಂದ ಏಳುವ ಹೊಪ್ಪಳೆಯನ್ನು ಕೀಳಬಾರದು, ಕಿತ್ತ ಜಾಗದಲ್ಲಿಯೇ ಕಪ್ಪು ನಿಲ್ಲುತ್ತದೆ. ಶಿಕ್ಷಕಿಗೆ ಎರಡನೆಯ ಪೀಲ್ ಮಾರ್ಚ್ ಮೂರನೆಯ ವಾರದಲ್ಲಿ, ಅಲ್ಲಿಗೆ ಮುಗಿಯಿತು. ಮದುವೆಗೆ ಕೊನೆಯ ನಾಲ್ಕು ವಾರಗಳಲ್ಲಿ ಯಾವ ಪೀಲ್ ಅನ್ನೂ ಮಾಡಿಸಬಾರದು. ನಾಲ್ಕು ತಿಂಗಳಲ್ಲಿ ಎರಡೇ ಪೀಲ್ ಎಂದು ಕೇಳಿ ಹಲವರಿಗೆ ಬೇಸರವಾಗುತ್ತದೆ. ಆದರೆ ಕಲೆ ಮಾಸುವ ಕೆಲಸದ ಬಹುಪಾಲನ್ನು ಮಾಡುವುದು ಪ್ರತಿದಿನದ ಕ್ರೀಮುಗಳೇ.

ಲೇಸರ್ ಎಲ್ಲಿ ಸರಿ

ಲೇಸರ್ ಬೆಳಕನ್ನು ಚರ್ಮದ ಮೇಲ್ಪದರದ ಮೆಲನಿನ್ ಕೂಡ ಹೀರುತ್ತದೆ, ತರಂಗ ಉದ್ದವಾದಷ್ಟು ಹೀರುವಿಕೆ ಕಡಿಮೆಯಾಗುತ್ತದೆ. ಹೀಗಾಗಿ ಗದ್ದದ ಕೂದಲನ್ನು ಕೀಳಿಸಿ ಕೀಳಿಸಿ ಕಲೆ ಬಿದ್ದವರಿಗೆ 1064 ನ್ಯಾನೊಮೀಟರಿನ ದೀರ್ಘ ಸ್ಪಂದನದ ಎನ್‌ಡಿ ಯಾಗ್ ಲೇಸರ್ ಉಪಯುಕ್ತ, ಅದು ಕೂದಲನ್ನೇ ತಗ್ಗಿಸಿ ಕಲೆಯ ಕಾರಣವನ್ನೇ ತೆಗೆಯುತ್ತದೆ. ಹಲವು ತರಂಗಗಳ ತೀವ್ರ ಬೆಳಕನ್ನು ಒಟ್ಟಿಗೆ ಹಾಯಿಸುವ ಐಪಿಎಲ್ ಯಂತ್ರ ಕಡುಗಂದು ಚರ್ಮಕ್ಕೆ ಬೇಡ. ಯಾವ ಯಂತ್ರ, ಎಷ್ಟು ನ್ಯಾನೊಮೀಟರ್, ತಂಪು ಮಾಡುವ ವ್ಯವಸ್ಥೆ ಇದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗದ ಕಡೆ ಹಣ ಕಟ್ಟಬೇಡಿ.

ಬಂಗಿಗೆ ಕಡಿಮೆ ಶಕ್ತಿಯ ಲೇಸರನ್ನು ಮತ್ತೆ ಮತ್ತೆ ಹಾಯಿಸುವ 'ಲೇಸರ್ ಟೋನಿಂಗ್' ಎಂದು ಹತ್ತು ಭೇಟಿಗಳ ಪ್ಯಾಕೇಜ್ ಮಾರುವುದನ್ನು ನಾನು ವಿರೋಧಿಸುತ್ತೇನೆ. ಮೊದಮೊದಲು ತಿಳಿಯಾದ ಬಂಗು ನಿಲ್ಲಿಸಿದ ತಿಂಗಳುಗಳಲ್ಲಿ ಮರಳುತ್ತದೆ. ಹೆಚ್ಚು ಬಾರಿ ಮಾಡಿಸಿದವರಲ್ಲಿ ಅಕ್ಕಿಕಾಳಿನಂಥ ಬಿಳಿ ಚುಕ್ಕೆಗಳು ಮೂಡಬಹುದು, ಅವನ್ನು ಸರಿಪಡಿಸುವುದು ಬಂಗಿಗಿಂತ ಕಷ್ಟ.

ಪೀಲ್ ಆದ ಮರುದಿನವೂ ಉರಿ ಇಳಿಯದಿದ್ದರೆ, ಗುಳ್ಳೆ ಎದ್ದರೆ ಅಥವಾ ಚರ್ಮ ಒದ್ದೆಯಾಗಿ ಕಂದಿದರೆ ಅಂದೇ ವೈದ್ಯರಿಗೆ ತೋರಿಸಬೇಕು. ಈ ಸಂದರ್ಭದಲ್ಲಿ ಕೆಲವೇ ದಿನಗಳಿಗೆ ವೈದ್ಯರು ಕೊಡುವ ಸೌಮ್ಯ ಸ್ಟೀರಾಯ್ಡ್ ಉರಿಯೂತವನ್ನು ತಗ್ಗಿಸಿ ಕಲೆಯನ್ನು ತಪ್ಪಿಸಬಲ್ಲದು, ಅದನ್ನು ಅವರು ಹೇಳಿದ ದಿನಕ್ಕೆ ನಿಲ್ಲಿಸಬೇಕು. ಅಷ್ಟಾದ ಮೇಲೂ ಕಪ್ಪು ಮೂಡಿದರೆ ಅದನ್ನು ತೆಗೆಯಲು ಇನ್ನೊಂದು ಪೀಲ್‌ಗೆ ಒಪ್ಪಬೇಡಿ. ಉಳಿದೆಲ್ಲ ಚಿಕಿತ್ಸೆಗಳನ್ನೂ ನಿಲ್ಲಿಸಿ, ಸನ್‌ಸ್ಕ್ರೀನ್ ಮತ್ತು ಅಜೆಲಾಯಿಕ್ ಕ್ರೀಮ್ ಮುಂದುವರಿಸಿ, ತಿಂಗಳಿಗೊಮ್ಮೆ ಅದೇ ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆದು ಹೋಲಿಸಿ ನೋಡಬೇಕು. ಮೂರು ತಿಂಗಳಾದರೂ ಬಣ್ಣ ಇಳಿಯದೆ ಬೂದು ಛಾಯೆಗೆ ತಿರುಗುತ್ತಿದ್ದರೆ ಆ ಫೋಟೊಗಳನ್ನು ಹಿಡಿದುಕೊಂಡು ಬೇರೊಬ್ಬ ಚರ್ಮರೋಗ ತಜ್ಞರ ಅಭಿಪ್ರಾಯ ಪಡೆಯಬೇಕು.