ಕನ್ನಡ ಬೈಬಲಿನಿಂದಲೇ ಬೆಳಗಿನ ಮತ್ತು ಸಂಜೆಯ ಪ್ರಾರ್ಥನೆ: ನಮ್ಮ ಅನುಭವ

"ಅದೆಲ್ಲ ಗುರುಗಳಿಗೆ, ಕನ್ಯಾಸ್ತ್ರೀಯರಿಗೆ. ತೋಟದ ಕೆಲಸದವರಿಗೆ ಆಗುವಂಥದ್ದಲ್ಲ" ಎಂದು ಧರ್ಮಕೇಂದ್ರದಲ್ಲಿ ಹಲವರು ಹೇಳಿದ್ದರು. ಸಾಗರದ ಕಡೆಯ ನಾವು ನಾಲ್ಕು ಮನೆಯವರು ಈಗ ಎರಡು ವರ್ಷದಿಂದ, ಅಡಿಕೆ ಕೊಯ್ಲಿನ ದಿನಗಳಲ್ಲೂ, ಕೀರ್ತನೆಗಳನ್ನು ಓದಿ ಮಾಡುವ ಈ ಪ್ರಾರ್ಥನೆಯನ್ನು ನಡೆಸುತ್ತಿದ್ದೇವೆ. ಬೆಳಿಗ್ಗೆ ಸುಮಾರು ಹದಿನೈದು ನಿಮಿಷ, ಸಂಜೆ ಅದಕ್ಕಿಂತ ಸ್ವಲ್ಪ ಕಡಿಮೆ.

ಮೊದಲು ಹಿಡಿದದ್ದು ಆಂಗ್ಲಿಕನ್ ಪದ್ಧತಿಯ ಮೂವತ್ತು ದಿನದ ಕ್ರಮ. ನೂರೈವತ್ತು ಕೀರ್ತನೆಗಳನ್ನು ಅರವತ್ತು ಪಾಲು ಮಾಡಿ, ತಾರೀಖು ನೋಡಿ ಓದುತ್ತಾ ಹೋಗುವುದು. ಲೆಕ್ಕ ಸುಲಭ, ಆದರೆ ಪಾಲುಗಳು ಉದ್ದ. 15ನೇ ತಾರೀಖಿನ ಸಂಜೆ 78ನೇ ಕೀರ್ತನೆ ಒಂದೇ ಬರುತ್ತದೆ, ಅದರಲ್ಲಿ 72 ವಚನ. ದಿನವಿಡೀ ದುಡಿದು ಬಂದವರಿಗೆ ಅದು ಭಾರವಾಯಿತು. ಎರಡನೇ ತಿಂಗಳಿಗೇ ಕೈಬಿಟ್ಟು, ಕಥೋಲಿಕರ ನಾಲ್ಕು ವಾರದ ಕ್ರಮಕ್ಕೆ ಬಂದೆವು. ಬೆಳಿಗ್ಗೆ ಒಂದು ಕೀರ್ತನೆ, ಹಳೆಯ ಒಡಂಬಡಿಕೆಯ ಒಂದು ಗೀತೆ, ಮತ್ತೊಂದು ಕೀರ್ತನೆ. ಸಂಜೆ ಎರಡು ಕೀರ್ತನೆ, ಹೊಸ ಒಡಂಬಡಿಕೆಯ ಒಂದು ಗೀತೆ. ಆಮೇಲೆ ಕಿರುವಾಚನ, ಬೆಳಿಗ್ಗೆ ಜಕರೀಯನ ಗೀತೆ, ಸಂಜೆ ಮರಿಯಳ ಗೀತೆ, ಬಿನ್ನಹಗಳು, ಪರಲೋಕ ಪ್ರಾರ್ಥನೆ.

ನಾವು ಹೆಚ್ಚು ಎಡವಿದ್ದು ವಚನಸಂಖ್ಯೆಯಲ್ಲಿ. ಮೊದಲ ವಾರದ ಸೋಮವಾರ ಬೆಳಿಗ್ಗೆಗೆ ಈ ಕ್ರಮದ ಪಟ್ಟಿಯಲ್ಲಿ ಕೀರ್ತನೆ 5:2-10, 12-13 ಎಂದಿರುತ್ತದೆ. ಕನ್ನಡ ಬೈಬಲ್ ತೆರೆದು ಹಾಗೇ ಓದಿದೆವು. ಆರಂಭದ ಮೊರೆಯೇ ತಪ್ಪಿಹೋಯಿತು, ಕೊನೆಗೆ ಶತ್ರುಗಳಿಗೆ ಶಿಕ್ಷೆ ಬೇಡುವ ವಚನ ಬಂದುಬಿಟ್ಟಿತು. ಪಟ್ಟಿಯವರು ಬೇಕೆಂದೇ ಬಿಟ್ಟಿದ್ದ ವಚನ ಅದು. ಕಾರಣ ಇಷ್ಟೇ: ಪಟ್ಟಿಯವರು ಹೀಬ್ರೂ ಕ್ರಮದಂತೆ "ದಾವೀದನ ಕೀರ್ತನೆ" ಎಂಬ ತಲೆಬರಹವನ್ನೂ ಒಂದು ವಚನವಾಗಿ ಎಣಿಸುತ್ತಾರೆ, ನಮ್ಮ ಬೈಬಲ್ ಎಣಿಸುವುದಿಲ್ಲ. ಆದ್ದರಿಂದ ನಾವು ಓದಬೇಕಾದದ್ದು 5:1-9, 11-12. ಹಾಗೆಂದು ಎಲ್ಲ ಕಡೆ ಒಂದು ಕಳೆದರೆ ಮತ್ತೆ ತಪ್ಪು. ಅದೇ ಬೆಳಿಗ್ಗೆಯ 29ನೇ ಕೀರ್ತನೆಯಲ್ಲಿ ತಲೆಬರಹ ಮೊದಲ ವಚನದೊಳಗೇ ಸೇರಿದೆ, ಅಲ್ಲಿ ವ್ಯತ್ಯಾಸವೇ ಇಲ್ಲ. ಪ್ರತಿ ಶುಕ್ರವಾರ ಬೆಳಿಗ್ಗೆ ಬರುವ 51ರಲ್ಲಿ ಎರಡು ವಚನದ ವ್ಯತ್ಯಾಸ. ನಿಮ್ಮ ಬೈಬಲಿನಲ್ಲಿ ಶುದ್ಧಹೃದಯವನ್ನು ಬೇಡುವ ವಚನ 51:10 ಆಗಿದ್ದರೆ ನಮ್ಮಂತೆ ತಿದ್ದಿಕೊಳ್ಳಿ, 51:12 ಆಗಿದ್ದರೆ ಪಟ್ಟಿಯಂತೆಯೇ ಓದಿ.

ನಾಲ್ಕರಲ್ಲಿ ಈಗ ಯಾವ ವಾರ ಎಂಬ ಗೊಂದಲಕ್ಕೆ ನಾಲ್ಕರ ಭಾಗಾಕಾರ ಸಾಕು. ಸಾಮಾನ್ಯ ಕಾಲದ 22ನೇ ವಾರವಾದರೆ ಶೇಷ ಎರಡು, ಹಾಗಾಗಿ ಎರಡನೇ ವಾರ. ಶೇಷ ಉಳಿಯದಿದ್ದರೆ ನಾಲ್ಕನೆಯದು. ಪಂಚಾಶತ್ತಮದ ನಂತರ ಹಳೆಯ ಎಣಿಕೆಯನ್ನು ಮನಸ್ಸಿನಲ್ಲೇ ಮುಂದುವರಿಸಬೇಡಿ; ಧರ್ಮಕೇಂದ್ರದ ಕ್ಯಾಲೆಂಡರಿನಲ್ಲಿರುವ ವಾರವನ್ನೇ ಹಿಡಿಯಿರಿ. ಶನಿವಾರ ಸಂಜೆಯ ಪುಟ ಎಲ್ಲಿ ಎಂದು ಹುಡುಕುವವರೂ ಇದ್ದಾರೆ. ಅಂಥ ಪುಟವೇ ಇಲ್ಲ, ಅದು ಭಾನುವಾರದ ಮೊದಲನೆಯ ಸಂಜೆ ಪ್ರಾರ್ಥನೆ.

ಇನ್ನು ಕೀರ್ತನೆಯನ್ನು ಎರಡು ಪಂಗಡವಾಗಿ ಹೇಳುವ ವಿಷಯ. ವಚನದ ನಡುವೆ ಒಂದು ಉಸಿರಿನಷ್ಟು ನಿಲ್ಲಬೇಕು. ಇಂಗ್ಲಿಷ್ ಪ್ರಾರ್ಥನಾ ಪುಸ್ತಕದಲ್ಲಿ ನಿಲುಗಡೆ ತೋರಿಸುವ ನಕ್ಷತ್ರ ಚಿಹ್ನೆಯನ್ನು ನೋಡಿ ಕನ್ನಡದಲ್ಲಿ ಗುರುತು ಹಾಕಿದ್ದು ನಮ್ಮ ದೊಡ್ಡ ತಪ್ಪು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಎಷ್ಟೋ ವಚನಗಳ ಅರ್ಧಗಳು ಹಿಂದುಮುಂದಾಗುತ್ತವೆ. ಆಗ ನಿಲುಗಡೆ ಒಂದು ಮಾತಿನ ನಡುವೆ ಬಿದ್ದು, ಒಬ್ಬರು ನಿಂತರೆ ಇನ್ನೊಬ್ಬರು ಓಡುತ್ತಾರೆ. ಗಟ್ಟಿಯಾಗಿ ಓದಿ, ಒಂದು ಮಾತು ಪೂರ್ತಿಯಾಗುವಲ್ಲಿ ಪೆನ್ಸಿಲ್ ಗೆರೆ ಎಳೆಯುತ್ತಾ ಮತ್ತೆ ಮೊದಲಿನಿಂದ ಮಾಡಿದೆವು. ಮೂರು ತಿಂಗಳಾದರೂ ಹಿಡಿದಿರಬೇಕು. ಆರಂಭದ ವಾಕ್ಯವನ್ನೂ ಹೀಗೇ ಸರಿಮಾಡಿಕೊಂಡೆವು: ಒಬ್ಬರು "ಪ್ರಭುವೇ, ನನ್ನ ತುಟಿಗಳನ್ನು ತೆರೆ" ಎಂದರೆ, ಉಳಿದವರು "ನನ್ನ ಬಾಯಿ ನಿನ್ನ ಸ್ತುತಿಯನ್ನು ಸಾರುವುದು" ಎನ್ನುತ್ತಾರೆ. ಈಗ ಹೊಸಬರು ಬಂದು ಕೂತರೂ ಮೂರನೇ ವಚನಕ್ಕೆ ಜೊತೆ ಸೇರುತ್ತಾರೆ.

ಶ್ರುತಿಪೆಟ್ಟಿಗೆ ಇಟ್ಟು ಒಂದೇ ಸ್ವರದಲ್ಲಿ ಹೇಳಿಯೂ ನೋಡಿದೆವು. ಚೆನ್ನಾಗಿತ್ತು, ಆದರೆ ಆಷಾಢದ ಮಳೆ ತಗಡಿನ ಮೇಲೆ ಹೊಯ್ಯುವಾಗ ಎದುರಿನ ಪಂಗಡವೇ ಕೇಳಿಸುವುದಿಲ್ಲ. ಅಂಥ ದಿನ ಒಬ್ಬರು ಕೀರ್ತನೆ ಹೇಳಿ, ಉಳಿದವರು ಪಲ್ಲವಿ ಮಾತ್ರ ಹೇಳುತ್ತೇವೆ. ಮರಿಯಳ ಗೀತೆಗೆ ನಾವು ಕೂಡಿಸಿಕೊಂಡ ಧಾಟಿಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಸಂಜೆ ಬಂದು ಕೇಳಿ.

ಇದನ್ನೆಲ್ಲ ಸೇರಿಸಿ ನಾವೇ ಮಾಡಿಕೊಂಡ ಪುಸ್ತಕಕ್ಕೆ ದುಡ್ಡು ಎರಡು ಸಲ ಹೋಯಿತು. ಮೊದಲು ಮನೆಯ ಇಂಕ್ ಪ್ರಿಂಟರಿನಲ್ಲಿ ತೆಗೆದು ಸ್ಪೈರಲ್ ಹಾಕಿಸಿದ್ದು, ಒಂದಕ್ಕೆ ಇನ್ನೂರರ ಹತ್ತಿರ. ಮಳೆಗಾಲದ ಥಂಡಿಗೆ ಅಕ್ಷರ ಹರಡಿ, ಹಾಳೆ ಉಬ್ಬಿ, ರಂಧ್ರಗಳು ಹರಿದವು. ಆಮೇಲೆ ಜೆರಾಕ್ಸ್ ಅಂಗಡಿಯಲ್ಲಿ ದಪ್ಪ ಹಾಳೆಯ ಮೇಲೆ ಪ್ರತಿ ತೆಗೆಸಿ, ಹೊಲಿಗೆ ಬೈಂಡಿಂಗ್ ಮಾಡಿಸಿದೆವು. ಮುನ್ನೂರೈವತ್ತರ ಆಸುಪಾಸು ಆಯಿತು, ಎರಡು ಮಳೆಗಾಲ ತಡೆದಿದೆ. ಪ್ರತಿ ಪುಸ್ತಕಕ್ಕೆ ಮೂರು ರಿಬ್ಬನ್ ಹಾಕಿಸಿ: ಒಂದು ಆ ದಿನದ ಕೀರ್ತನೆಗೆ, ಒಂದು ಜಕರೀಯ ಮತ್ತು ಮರಿಯಳ ಗೀತೆಗಳಿಗೆ, ಇನ್ನೊಂದು ಬಿನ್ನಹಗಳಿಗೆ.