ಶ್ರಾವಣದಲ್ಲೂ ಬೂಷ್ಟು ಹಿಡಿಯದ ಮಾವಿನಕಾಯಿ ಉಪ್ಪಿನಕಾಯಿ

ಕೊಪ್ಪಳದ ನಮ್ಮ ಮನೆಯಲ್ಲಿ ಒಂದು ವರ್ಷ ಐದು ಕಿಲೋ ಹೋಳಿನ ಉಪ್ಪಿನಕಾಯಿಯನ್ನು ಪೂರ್ತಿ ಚೆಲ್ಲಬೇಕಾಯಿತು. ಬಸವ ಜಯಂತಿ ಮುಗಿದ ವಾರ ಹಾಕಿದ್ದೆ. ಕಾರಹುಣ್ಣಿಮೆವರೆಗೂ ಚೆನ್ನಾಗಿಯೇ ಇತ್ತು. ಶ್ರಾವಣದ ಮೊದಲ ಸೋಮವಾರ ಜಾಡಿಯ ಮುಚ್ಚಳ ತೆಗೆದರೆ ಮೇಲೆಲ್ಲ ಹತ್ತಿ ಹರಡಿದ ಹಾಗೆ ಬೂದು ಬಣ್ಣದ ಬೂಷ್ಟು. ಕೈ ಒದ್ದೆ ಇರಲಿಲ್ಲ, ಜಾಡಿ ಒಣಗಿತ್ತು, ಎಣ್ಣೆಯೂ ಇತ್ತು. ಎಲ್ಲಿ ತಪ್ಪಿದೆ ಅಂತ ಎರಡು ದಿನ ಯೋಚನೆ ಮಾಡಿದೆ.

ತಪ್ಪಿದ್ದು ಉಪ್ಪಿನಲ್ಲಿ. ನಾನು ಹೋಳಿಗೆ ಉಪ್ಪು, ಅರಿಶಿನ ಹಚ್ಚಿ ಮೂರು ದಿನ ಇಡುತ್ತೇನೆ. ಆಗ ಹೋಳು ನೀರು ಬಿಡುತ್ತದೆ. ಆ ವರ್ಷ ಕಾಯಿ ರಸಭರಿತವಾಗಿತ್ತು, ನೀರು ಜಾಸ್ತಿ ಬಂತು. ಇಷ್ಟು ನೀರಿದ್ದರೆ ಮಳೆಗಾಲದಲ್ಲಿ ಕೆಡುತ್ತದೆ ಅಂದುಕೊಂಡು ಅದನ್ನು ಚೆಲ್ಲಿಬಿಟ್ಟೆ. ಆದರೆ ಹಾಕಿದ ಉಪ್ಪೆಲ್ಲ ಹೋಳಿನೊಳಗೆ ಇರುವುದಿಲ್ಲ, ಬಹಳಷ್ಟು ಆ ನೀರಿನಲ್ಲೇ ಕರಗಿರುತ್ತದೆ. ಹುಳಿಯೂ ಅದರಲ್ಲೇ ಇರುತ್ತದೆ. ಬೂಷ್ಟನ್ನು ತಡೆಯಬೇಕಾದದ್ದನ್ನೇ ನಾನು ಬಚ್ಚಲಿಗೆ ಸುರಿದಿದ್ದೆ. ಉಳಿದ ಹೋಳು ನಾಲಿಗೆಗೆ ಉಪ್ಪಾಗಿಯೇ ಇತ್ತು, ಆದರೆ ಎರಡು ತಿಂಗಳ ತೇವ ತಡೆಯುವಷ್ಟು ಉಪ್ಪು ಇರಲಿಲ್ಲ.

ಅದಕ್ಕೇ ಈಗ ಉಪ್ಪನ್ನು ತೂಕ ಮಾಡಿಯೇ ಹಾಕುತ್ತೇನೆ. ಐದು ಕಿಲೋ ಹೋಳಿಗೆ ಒಂದು ಕಿಲೋ ಹರಳುಪ್ಪು, ಅಂದರೆ ಹೋಳಿನ ತೂಕದ ಐದನೇ ಒಂದು ಪಾಲು. ಲೋಟದ ಲೆಕ್ಕ ಬೇಡ. ಹರಳುಪ್ಪು ಲೋಟದಲ್ಲಿ ಸಡಿಲವಾಗಿ ಕೂರುತ್ತದೆ, ಪುಡಿ ಉಪ್ಪು ಒತ್ತಾಗಿ ಕೂರುತ್ತದೆ. ಅದೇ ಲೋಟ, ತೂಕ ಬೇರೆ. ಹರಳುಪ್ಪನ್ನು ಮೊದಲು ಒಂದು ದಿನ ಬಿಸಿಲಿಗೆ ಹರಡಿ. ಅದು ಗಾಳಿಯ ತೇವ ಹೀರಿಕೊಂಡಿರುತ್ತದೆ, ಕೈಗೆ ಗೊತ್ತಾಗುವುದಿಲ್ಲ. ಆಮೇಲೆ ತರಿಯಾಗಿ ಕುಟ್ಟಿ. ಬಿಪಿ ಇದೆ ಅಂತ ಉಪ್ಪು ಅರ್ಧ ಹಾಕಿದರೆ ಅದು ಹೊರಗಿಡುವ ಉಪ್ಪಿನಕಾಯಿ ಅಲ್ಲ. ಸ್ವಲ್ಪವೇ ಮಾಡಿ, ಫ್ರಿಜ್‌ನಲ್ಲಿಟ್ಟು ಬೇಗ ಮುಗಿಸಿ.

ಮೂರು ದಿನ ಬೆಳಿಗ್ಗೆ ಸಂಜೆ ಒಣ ಸೌಟಿನಿಂದ ಕೆಳಗೆ ಮೇಲೆ ಮಾಡಬೇಕು. ನಾಲ್ಕನೆಯ ದಿನ ಹೋಳುಗಳನ್ನು ಮಾತ್ರ ತೆಗೆದು ಬಟ್ಟೆಯ ಮೇಲೆ ಬಿಸಿಲಿಗೆ ಹಾಕುತ್ತೇನೆ. ಉಪ್ಪುನೀರನ್ನು ಅಗಲವಾದ ಗಾಜಿನ ಬಟ್ಟಲಿಗೆ ಬಗ್ಗಿಸಿ, ತೆಳು ಬಟ್ಟೆ ಕಟ್ಟಿ, ಪಕ್ಕದಲ್ಲೇ ಬಿಸಿಲಿಗಿಡುತ್ತೇನೆ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ, ಹುಳಿ ಅದನ್ನು ತಿನ್ನುತ್ತದೆ. ನಮ್ಮ ಕಡೆ ಬಿಸಿಲಿಗೇನು ಕಡಿಮೆ? ಸಂಜೆಗೆ ಹೋಳಿನ ಮೈ ಸ್ವಲ್ಪ ಸುಕ್ಕಾಗುತ್ತದೆ, ನೀರು ಇಳಿದು ಗಟ್ಟಿಯಾಗುತ್ತದೆ. ನೀರು ಹೋಯಿತು, ಉಪ್ಪು ಉಳಿಯಿತು. ಆ ನೀರನ್ನು ಪೂರ್ತಿ ಮತ್ತೆ ಹೋಳಿಗೇ ಸೇರಿಸಿ, ಆಮೇಲೆ ಖಾರದ ಪುಡಿ, ಸಾಸಿವೆ ಪುಡಿ, ಮೆಂತ್ಯದ ಪುಡಿ ಬೆರೆಸಿ. ಪುಡಿಗಳು ನಿಮ್ಮ ನಿಮ್ಮ ಮನೆಯ ರುಚಿ, ಒಣಗಿದ್ದರೆ ಸಾಕು. ಈ ಕೆಲಸ ರೋಹಿಣಿ ಮಳೆ ಶುರುವಾಗುವ ಮೊದಲೇ ಮುಗಿಯಬೇಕು. ಮೋಡ ಕವಿದ ಮೇಲೆ ಇಂಥ ಬಿಸಿಲು ಸಿಗುವುದಿಲ್ಲ.

ಇನ್ನು ಜಾಡಿ. ತೊಳೆದು ಬೋರಲು ಹಾಕಿದರೆ ನೀರು ಇಳಿಯುತ್ತದೆ, ಆದರೆ ಒಳಗಿನ ತೇವ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನೀರು ಬಸಿದ ಮೇಲೆ ಬಾಯಿ ಮೇಲೆ ಮಾಡಿ, ಬಿಸಿಲು ಒಳಗೆ ಬೀಳುವ ಹಾಗೆ ಓರೆಯಾಗಿಸಿ ಎರಡು ದಿನ ಇಡಿ. ಒಳಗಿನ ಮೆರುಗು ಹೋದ ಇಲ್ಲವೇ ಕೂದಲಿನಂಥ ಬಿರುಕು ಇರುವ ಪಿಂಗಾಣಿ ಜಾಡಿಯನ್ನು ಉಪ್ಪಿನಕಾಯಿಗೆ ಬಳಸಬೇಡಿ, ಎಷ್ಟೇ ಹಳೆಯದಾದರೂ, ಯಾರೇ ಕೊಟ್ಟಿದ್ದರೂ. ಬಿರುಕಿನಲ್ಲಿ ನೀರು ಕೂರುತ್ತದೆ. ಒಣಗಿದೆಯಾ ಅಂತ ನೋಡಲು ತಳಕ್ಕೆ ಒಂದು ಚಿಟಿಕೆ ಒಣ ಪುಡಿ ಉಪ್ಪು ಉದುರಿಸಿ ಮುಚ್ಚಿಡಿ. ಬೆಳಿಗ್ಗೆ ಜಾಡಿ ಅಲುಗಾಡಿಸಿದರೆ ಉಪ್ಪು ಸರಸರ ಉರುಳಬೇಕು. ತಳಕ್ಕೆ ಅಂಟಿಕೊಂಡಿದ್ದರೆ ಇನ್ನೊಂದು ದಿನ ಬಿಸಿಲಿಗೆ.

ಒಣ ಜಾಡಿಯಲ್ಲೂ ನೀರು ಹುಟ್ಟುತ್ತದೆ. ಇದನ್ನು ನಾನು ಇನ್ನೊಂದು ವರ್ಷ ಕಲಿತೆ. ಆ ಸಲ ಬೂಷ್ಟು ಜಾಡಿಯ ಅಂಚಿನಲ್ಲಿ ಇರಲಿಲ್ಲ, ಸರಿಯಾಗಿ ನಡುವೆ ಮಾತ್ರ ನಾಲ್ಕೈದು ಚುಕ್ಕೆಯಾಗಿ ಬಂದಿತ್ತು. ಎಣ್ಣೆ ಇನ್ನೂ ಬೆಚ್ಚಗಿದ್ದಾಗಲೇ ಸುರಿದು ಮುಚ್ಚಳ ಬಿಗಿ ಮಾಡಿದ್ದೆ. ಒಳಗಿನ ಹಬೆ ಮುಚ್ಚಳಕ್ಕೆ ತಾಗಿ ಹನಿಯಾಗಿ ನಡುವೆ ಬಿದ್ದಿದೆ. ಬಿಸಿಲಿನಿಂದ ತಂದ ಬಿಸಿ ಜಾಡಿಗೆ ತುಂಬಿ ಮುಚ್ಚಿದರೂ ಹೀಗೇ ಆಗುತ್ತದೆ. ಹಾಗಾಗಿ ಜಾಡಿ, ಹೋಳು, ಎಣ್ಣೆ ಮೂರೂ ಪೂರ್ತಿ ತಣ್ಣಗಾಗಬೇಕು. ಮೊದಲ ರಾತ್ರಿ ಮುಚ್ಚಳದ ಬದಲು ಒಣ ಬಟ್ಟೆ ಕಟ್ಟಿಡಿ. ಮಾರನೇ ದಿನ ಮುಚ್ಚಿ.

ಎಣ್ಣೆ ಶೇಂಗಾದ್ದಾಗಲಿ ಎಳ್ಳಿನದ್ದಾಗಲಿ ಆದೀತು. ಐದು ಕಿಲೋ ಹೋಳಿಗೆ ಎರಡರಿಂದ ಎರಡೂವರೆ ಲೀಟರ್ ಬೇಕಾಗುತ್ತದೆ. ಹೊಗೆ ಕಾಣುವವರೆಗೆ ಕಾಯಿಸಿ ಆರಿಸಿ. ಆದರೆ ಎಲ್ಲವನ್ನೂ ಒಂದೇ ದಿನ ಸುರಿದು ಮರೆಯಬೇಡಿ. ಹೋಳು, ಪುಡಿ ಎರಡೂ ಎಣ್ಣೆ ಕುಡಿಯುತ್ತವೆ. ಮೊದಲ ದಿನ ಬೆರಳುದ್ದ ನಿಂತಿದ್ದ ಎಣ್ಣೆ ನಾಲ್ಕನೆಯ ದಿನಕ್ಕೆ ಕೆಳಗಿಳಿದು ಹೋಳಿನ ತುದಿ ಹೊರಗೆ ಕಾಣುತ್ತದೆ. ಬೂಷ್ಟಿಗೆ ಗಾಳಿ ಬೇಕು, ಅದು ಹತ್ತುವುದು ಆ ತುದಿಗೇ. ನಮ್ಮತ್ತೆ ಹೇಳುತ್ತಿದ್ದರು, “ಕಾಯಿ ಕಾಣಬಾರದವ್ವಾ, ಎಣ್ಣಿ ಕಾಣಬೇಕು.” ನಾಲ್ಕನೆಯ ದಿನ ಒಮ್ಮೆ, ಹತ್ತನೆಯ ದಿನ ಒಮ್ಮೆ ನೋಡಿ. ಕಡಿಮೆ ಇದ್ದರೆ ಕಾಯಿಸಿ ಆರಿಸಿದ ಎಣ್ಣೆ ಸೇರಿಸಿ. ಹೋಳಿನ ಮೇಲೆ ಅರ್ಧ ಬೆರಳಿನಷ್ಟು ಎಣ್ಣೆ ಸದಾ ನಿಂತಿರಲಿ. ಒಳಗೋಡೆಗೆ ಮೆತ್ತಿದ ಮಸಾಲೆಯನ್ನು ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಯಾಕೆಂದರೆ ಅದೂ ಎಣ್ಣೆಯ ಹೊರಗೇ ಇರುತ್ತದೆ ಅಲ್ವಾ.

ದೊಡ್ಡ ಜಾಡಿಯನ್ನು ದಿನಾ ತೆರೆಯಬೇಡಿ. ತೆರೆದಾಗೆಲ್ಲ ಮಳೆಯ ಗಾಳಿ ಒಳಗೆ ಹೋಗುತ್ತದೆ. ಎರಡು ವಾರಕ್ಕೆ ಆಗುವಷ್ಟನ್ನು ಒಣಗಿದ ಸಣ್ಣ ಬಾಟಲಿಗೆ ತೆಗೆದುಕೊಂಡು, ರೊಟ್ಟಿಗೆ ಮೊಸರನ್ನಕ್ಕೆ ಅದರಿಂದಲೇ ಬಡಿಸಿ. ತೆಗೆಯುವ ದಿನ ಮಳೆ ಬಿಟ್ಟ ಮಧ್ಯಾಹ್ನ ಇರಲಿ. ಮರದ ಸೌಟು ಬೇಡ, ಅದು ಒಳಗೆ ನೀರು ಹಿಡಿದಿರುತ್ತದೆ. ತೆಗೆದ ಮೇಲೆ ಉಳಿದ ಹೋಳನ್ನು ಸೌಟಿನಿಂದ ಒತ್ತಿ, ಎಣ್ಣೆ ಮೇಲೆ ಬಂತಾ ನೋಡಿ ಮುಚ್ಚಿ. ಜಾಡಿ ಅರ್ಧಕ್ಕಿಳಿದಾಗ ಇನ್ನೊಂದು ಚಿಕ್ಕ ಜಾಡಿಗೆ ಬದಲಾಯಿಸಿದರೆ ಒಳ್ಳೆಯದು, ಒಳಗೆ ಗಾಳಿಗೆ ಜಾಗ ಕಡಿಮೆಯಾಗುತ್ತದೆ.

ಮೇಲೆ ಬಿಳಿ ಕಂಡ ಕೂಡಲೇ ಗಾಬರಿಯಾಗಬೇಡಿ. ಬೆರಳಲ್ಲಿ ತಿಕ್ಕಿದರೆ ಮರಳಿನ ಹಾಗೆ ತರಿತರಿಯಾಗಿದ್ದು, ನೀರಿಗೆ ಹಾಕಿದರೆ ಕರಗಿದರೆ ಅದು ಹರಳುಗಟ್ಟಿದ ಉಪ್ಪು, ಏನೂ ತೊಂದರೆ ಇಲ್ಲ. ಹತ್ತಿಯಂತೆ ನವಿರಾಗಿದ್ದರೆ, ಹಸಿರು, ಕಪ್ಪು, ಬೂದು ಬಣ್ಣವಿದ್ದರೆ, ಮುಗ್ಗಲು ವಾಸನೆ ಬಂದರೆ ಅದು ಬೂಷ್ಟು. ಮೇಲಿನದನ್ನು ತೆಗೆದು, ಎಣ್ಣೆ ಕಾಯಿಸಿ ಹಾಕಿ ತಿನ್ನುವವರಿದ್ದಾರೆ. ನಾನು ಹಾಗೆ ಮಾಡುವುದಿಲ್ಲ. ಕಣ್ಣಿಗೆ ಕಾಣುವುದು ಮೇಲಿನದು ಮಾತ್ರ, ಅದರ ಎಳೆಗಳು ಕೆಳಗೂ ಇಳಿದಿರುತ್ತವೆ, ಬಿಟ್ಟ ವಿಷ ಕಾಯಿಸಿದರೂ ಹೋಗುವುದಿಲ್ಲ. ಆ ಐದು ಕಿಲೋವನ್ನು ಹೊಟ್ಟೆ ಉರಿದುಕೊಂಡೇ ಚೆಲ್ಲಿದೆ. ಜಾಡಿಯನ್ನು ಸೋಪು ಹಾಕಿ ಬಿಸಿನೀರಲ್ಲಿ ತೊಳೆದು, ಮುಂದಿನ ಬೇಸಿಗೆಯ ಬಿಸಿಲು ಬರುವವರೆಗೆ ಅದಕ್ಕೆ ಏನನ್ನೂ ತುಂಬಲಿಲ್ಲ.