ಹೊಸ ಫೋನಿನಲ್ಲಿ ನಂಬರ್ ಕಾಣೆ? ಅದು ಯಾವ ಖಾತೆಯಲ್ಲಿದೆ ನೋಡಿ

ಹಳೆಯ ಆಂಡ್ರಾಯ್ಡ್ ಫೋನಿನಲ್ಲಿ 430 ಹೆಸರುಗಳಿದ್ದವು, ಹೊಸದರಲ್ಲಿ 318 ಮಾತ್ರ ಬಂದಿವೆ ಎಂದುಕೊಳ್ಳಿ. ಉಳಿದ 112 ಅಳಿಸಿಹೋಗಿವೆ ಎಂದು ಗಾಬರಿಯಾಗುವ ಮೊದಲು ಒಂದು ಸಂಗತಿ ಗೊತ್ತಿರಲಿ. ಕಾಂಟ್ಯಾಕ್ಟ್ಸ್ ಪಟ್ಟಿ ಒಂದೇ ಕಡೆಯದಲ್ಲ. ಗೂಗಲ್ ಖಾತೆ, ಇನ್ನೊಂದು ಜಿಮೇಲ್ ಖಾತೆ, ಫೋನ್ ಮೆಮೊರಿ, ಸಿಮ್, ಹೀಗೆ ಹಲವು ಕಡೆ ಇರುವುದನ್ನೆಲ್ಲ ಆ್ಯಪ್ ಒಟ್ಟಿಗೆ ಸೇರಿಸಿ ತೋರಿಸುತ್ತದೆ.

ಮೊದಲು ಹೊಸ ಫೋನಿನಲ್ಲಿರುವ ಜಿಮೇಲ್‌ನಿಂದಲೇ ಕಂಪ್ಯೂಟರಿನಲ್ಲಿ ಲಾಗಿನ್ ಆಗಿ contacts.google.com ತೆರೆಯಿರಿ. ಇಲ್ಲಿ ಆ ಒಂದು ಖಾತೆಯಲ್ಲಿರುವುದು ಮಾತ್ರ ಕಾಣುತ್ತದೆ. ಸಿಮ್ಮಿನದಾಗಲಿ, ಫೋನ್ ಮೆಮೊರಿಯದಾಗಲಿ ಬೆರೆಯುವುದಿಲ್ಲ. ಇಲ್ಲೂ 318 ಇದ್ದರೆ ಸಿಂಕ್ ಸರಿಯಾಗಿಯೇ ಆಗಿದೆ, ಕಾಣೆಯಾದವು ಈ ಖಾತೆಯಲ್ಲಿಲ್ಲ. ಇಲ್ಲಿ 430 ಇದ್ದರೆ ಮಾತ್ರ ತಪ್ಪು ಹೊಸ ಫೋನಿನ ಸಿಂಕ್‌ನದು.

ಸಂಖ್ಯೆ 318 ಎಂದು ಬಂದರೆ ಹಳೆಯ ಫೋನಿಗೆ ಮರಳಿ. ಅದನ್ನು ರೀಸೆಟ್ ಮಾಡಿ ಮಾರುವುದಿದ್ದರೆ ಸ್ವಲ್ಪ ತಡೆಯಿರಿ. ಕಾಣೆಯಾದ ಒಂದು ಹೆಸರನ್ನು ಗೂಗಲ್‌ನ ಕಾಂಟ್ಯಾಕ್ಟ್ಸ್ ಆ್ಯಪ್‌ನಲ್ಲಿ ತೆರೆದು ಎಡಿಟ್ ಒತ್ತಿ. ಅದನ್ನು ಎಲ್ಲಿ ಉಳಿಸಲಾಗಿದೆ ಎಂಬುದು ಅಲ್ಲಿ ಕಾಣುತ್ತದೆ: ಒಂದು ಮೇಲ್ ವಿಳಾಸ, Device, ಇಲ್ಲವೇ SIM. ಇನ್ನೂ ಐದಾರು ಹೆಸರು ಹೀಗೇ ನೋಡಿದರೆ ಮಾದರಿ ಸಿಗುತ್ತದೆ. ಮೊಟಕಾದ ಹೆಸರು, ಫೋಟೊ ಇಲ್ಲ, ಒಂದೇ ನಂಬರು ಎಂದರೆ ಬಹುತೇಕ ಸಿಮ್ಮಿನದು.

ಬೇರೆ ಮೇಲ್ ವಿಳಾಸ ಕಂಡರೆ ಆ ಖಾತೆಯನ್ನೂ ಹೊಸ ಫೋನಿಗೆ ಸೇರಿಸಿ, ಅದರ ಕಾಂಟ್ಯಾಕ್ಟ್ಸ್ ಸಿಂಕ್ ಆನ್ ಮಾಡಿದರೆ ಸಾಕು. Device ಎಂದಿದ್ದರೆ ಹಳೆಯ ಫೋನಿನ ಗೂಗಲ್ ಕಾಂಟ್ಯಾಕ್ಟ್ಸ್ ಸಿಂಕ್ ಸೆಟ್ಟಿಂಗ್‌ನಲ್ಲಿ Also sync device contacts ಆನ್ ಮಾಡಿ, ಖಾತೆಯನ್ನು ಆಯ್ದುಕೊಳ್ಳಿ. ಸಿಮ್ಮಿನವನ್ನು ಒಮ್ಮೆ ಮಾತ್ರ ಇಂಪೋರ್ಟ್ ಮಾಡಿ. ಬಂತೋ ಇಲ್ಲವೋ ಎಂಬ ಅನುಮಾನದಲ್ಲಿ ಎರಡನೇ ಸಲ ಒತ್ತುವುದರಿಂದಲೇ ಎಷ್ಟೋ ಪಟ್ಟಿಗಳಲ್ಲಿ ಜೋಡಿ ಹೆಸರು ಹುಟ್ಟುತ್ತವೆ.

ಜೋಡಿಗಳಿಗೂ ಅದೇ ಎಡಿಟ್ ಪರೀಕ್ಷೆ. ಎರಡೂ ಒಂದೇ ಖಾತೆಯಲ್ಲಿದ್ದರೆ Merge & fix ಕೆಲಸ ಮಾಡುತ್ತದೆ. ಒಂದು ಜಿಮೇಲ್‌ನಲ್ಲಿ, ಇನ್ನೊಂದು ಫೋನ್ ಮೆಮೊರಿಯಲ್ಲಿ ಇದ್ದರೆ ಅದು ಕೂಡಿಸುವುದಿಲ್ಲ. ಮೊದಲು ಫೋನಿನದನ್ನು ಜಿಮೇಲ್ ಖಾತೆಗೆ ಸರಿಸಿ, ಆಮೇಲೆ ಕೂಡಿಸಬೇಕು. ಹೆಚ್ಚಾಗಿದೆ ಎಂದು ಅವಸರದಲ್ಲಿ ಒಂದನ್ನು ಅಳಿಸಬೇಡಿ. ಫೋನಿನಲ್ಲಿ ಬೆಸೆದು ಒಂದಾಗಿ ಕಾಣುವ ಹೆಸರನ್ನು ಅಳಿಸಿದರೆ ಎರಡೂ ಕಡೆಯದು ಹೋಗಬಹುದು.

ಜಿಮೇಲ್ ಖಾತೆಯಲ್ಲಿ ಅಳಿಸಿದ್ದು ಅದೇ ವೆಬ್ ಪುಟದ Trashನಲ್ಲಿ 30 ದಿನ ಇರುತ್ತದೆ. ಸಿಮ್ಮಿನದಕ್ಕೆ ಆ ಅನುಕೂಲವಿಲ್ಲ.